ತಾತ ಆಸ್ಪತ್ರೆಯಲ್ಲಿದ್ದಾರೆ ಅಂತ ಹೇಳಿದ್ದೇವೆ, ಈಗ ಏನು ಮಾಡೋದು?

*ಮೇಡಂ, ನನ್ನ ಮಗನಿಗೆ ಆರು ವರ್ಷ. ನಾಲ್ಕು ತಿಂಗಳ ಹಿಂದೆ ನಮ್ಮ ಮಾವ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು. ಮಗ ಅವರನ್ನು ತುಂಬಾ ಹಚ್ಚಿಕೊಂಡಿದ್ದ. ಅವತ್ತು ಅವನನ್ನು ತಂಗಿ ಮನೆಗೆ ಕಳಿಸಿ, "ತಾತನಿಗೆ ಹುಷಾರಿಲ್ಲ, ಬೆಂಗಳೂರಿನ ಆಸ್ಪತ್ರೆಯಲ್ಲಿದ್ದಾರೆ" ಅಂದೆವು. ಇವತ್ತಿಗೂ ಅದನ್ನೇ ಹೇಳುತ್ತಿದ್ದೇವೆ. ಅತ್ತೆ "ಚಿಕ್ಕ ಮಗು, ತಾನಾಗೇ ಮರೀತಾನೆ ಬಿಡು" ಅನ್ನುತ್ತಾರೆ. ನಾನು ಈಗ ಏಳು ತಿಂಗಳ ಗರ್ಭಿಣಿ. ಡೆಲಿವರಿಗೆ ಆಸ್ಪತ್ರೆಗೆ ಹೋಗಬೇಕು ಅಂದರೆ ಸಾಕು, ತಬ್ಬಿಕೊಂಡು ಅಳುತ್ತಾನೆ. ಹೇಳಿಬಿಡಲಾ? ಮಗುವಿನ ಒಳ್ಳೆಯದಕ್ಕೆ ಸುಳ್ಳು ಹೇಳೋದು ಅಷ್ಟು ತಪ್ಪಾ?*
*– ಒಬ್ಬ ತಾಯಿ, ತುಮಕೂರು*

ಹೇಳಿಬಿಡಿ. ಹೆರಿಗೆಗೆ ಮುಂಚೆಯೇ ಹೇಳಿ, ಸಾಧ್ಯವಾದರೆ ಈ ವಾರವೇ ಹೇಳಿ.

ಅವನ ಅಳುವನ್ನು ಒಂದು ಸಲ ಅವನ ಕಡೆಯಿಂದ ನೋಡಿ. ತಾತ ಆಸ್ಪತ್ರೆಗೆ ಹೋದರು. ಅಲ್ಲಿಂದ ಬರಲಿಲ್ಲ. ಒಂದು ಫೋನ್ ಇಲ್ಲ, ವಿಡಿಯೋ ಕಾಲ್ ಇಲ್ಲ, ಯಾರೂ ನೋಡಿಕೊಂಡು ಬರಲು ಹೋಗುತ್ತಲೂ ಇಲ್ಲ. ಈಗ ಅಮ್ಮ ಅದೇ ಜಾಗಕ್ಕೆ ಹೋಗುತ್ತೇನೆ ಅನ್ನುತ್ತಿದ್ದಾಳೆ. ಅವನು ಹಟ ಮಾಡುತ್ತಿಲ್ಲ. ನೀವು ಕೊಟ್ಟ ಮಾಹಿತಿಯನ್ನು ಇಟ್ಟುಕೊಂಡು ಸರಿಯಾಗಿಯೇ ಲೆಕ್ಕ ಹಾಕಿದ್ದಾನೆ, ಅಷ್ಟೇ. ಆಸ್ಪತ್ರೆ ಅಂದರೆ ಹೋದವರು ವಾಪಸ್ ಬಾರದ ಜಾಗ. ಈ ಭಯವನ್ನು "ಅಮ್ಮ ಬೇಗ ಬರ್ತೀನಿ ಪುಟ್ಟ" ಅಂತ ಮುದ್ದು ಮಾಡಿ ಕಳೆಯಲು ಆಗುವುದಿಲ್ಲ. ಯಾಕೆಂದರೆ ತಾತನ ಬಗ್ಗೆಯೂ ಯಾರೋ ಒಬ್ಬರು "ಬೇಗ ಬರ್ತಾರೆ" ಅಂದಿರುತ್ತಾರೆ, ಅಲ್ವಾ?

ನಿಮ್ಮ ಅತ್ತೆಯವರ ಮಾತಿಗೆ ಬರುತ್ತೇನೆ. ಅದು ಪೂರ್ತಿ ತಪ್ಪಲ್ಲ, ಆದರೆ ಅದು ಎರಡು ಮೂರು ವರ್ಷದ ಮಗುವಿಗೆ ಹೊಂದುವ ಮಾತು. ಸಾವು ಅಂದರೆ ಏನು ಅಂತ ಮಕ್ಕಳಿಗೆ ಒಂದೇ ದಿನ ತಿಳಿಯುವುದಿಲ್ಲ, ತುಂಡು ತುಂಡಾಗಿ ತಿಳಿಯುತ್ತದೆ. ಸತ್ತವರು ಮತ್ತೆ ಬರಲ್ಲ ಅನ್ನೋದು ಒಂದು ತುಂಡು. ಸತ್ತ ಮೇಲೆ ಉಸಿರು, ಹಸಿವು, ನೋವು ಯಾವುದೂ ಇರಲ್ಲ ಅನ್ನೋದು ಇನ್ನೊಂದು. ಇದು ಎಲ್ಲರಿಗೂ ಆಗುತ್ತದೆ, ಇದಕ್ಕೆ ದೇಹದೊಳಗೆ ಒಂದು ಕಾರಣ ಇರುತ್ತದೆ ಅನ್ನೋದು ಉಳಿದ ಎರಡು. ಹೆಚ್ಚಿನ ಮಕ್ಕಳಲ್ಲಿ ಇವು ಐದರಿಂದ ಏಳು ವರ್ಷದ ನಡುವೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ನಿಮ್ಮ ಮಗ ಸರಿಯಾಗಿ ಆ ಹೊತ್ತಿನಲ್ಲೇ ಇದ್ದಾನೆ. ಸತ್ತ ಇಲಿ, ಸತ್ತ ನಾಯಿಮರಿ ನೋಡಿರುತ್ತಾನೆ. ಟೀವಿಯಲ್ಲಿ ನೋಡಿರುತ್ತಾನೆ. ಮನೆಯಲ್ಲಂತೂ ಬೇಕಾದಷ್ಟು ನೋಡಿದ್ದಾನೆ. ಅಜ್ಜಿಯ ಹಣೆಯಲ್ಲಿ ಕುಂಕುಮ ಇಲ್ಲ. ತಾತನ ಚಪ್ಪಲಿ ಬಾಗಿಲಲ್ಲಿ ಇಲ್ಲ. ಅವರ ಕನ್ನಡಕ ಬೀರುವಿನೊಳಗಿದೆ, ಕನ್ನಡಕ ಇಲ್ಲದೆ ಅವರಿಗೆ ಏನೂ ಕಾಣಿಸಲ್ಲ ಅಂತ ಅವನಿಗೆ ಗೊತ್ತು. ಯಾರೋ ನೆಂಟರು ಬಂದು ಅಜ್ಜಿಯನ್ನು ಹಿಡಿದುಕೊಂಡು ಅತ್ತು ಹೋದರು. ಇವನು ಒಳಗೆ ಬಂದ ತಕ್ಷಣ ಮಾತು ನಿಂತಿತು.

ಹಾಗಾಗಿ ಅವನಿಗೆ ಏನೂ ಗೊತ್ತಿಲ್ಲ ಅಂತ ಅಂದುಕೊಳ್ಳಬೇಡಿ. ಏನೋ ಆಗಿದೆ ಅನ್ನೋದು ಅವನಿಗೆ ಗೊತ್ತಿದೆ. ಅದನ್ನು ಕೇಳಬಾರದು ಅನ್ನೋದೂ ಗೊತ್ತಾಗಿದೆ. ನನ್ನ ಪ್ರಕಾರ ಇಂಥ ಸುಳ್ಳಿಗೆ ನೀವು ತೆರುವ ಮೊದಲ ಬೆಲೆ ಇದು. ಮಗು ನಿಮ್ಮನ್ನು ಸುಳ್ಳುಗಾರರು ಅಂತ ತೀರ್ಮಾನಿಸುವುದು ಆಮೇಲಿನ ಮಾತು. ಅದಕ್ಕೂ ಮುಂಚೆ, ಈ ಮನೆಯಲ್ಲಿ ಕೆಲವು ವಿಷಯ ಎತ್ತಿದರೆ ದೊಡ್ಡವರ ಮುಖ ಬದಲಾಗುತ್ತದೆ, ಅದಕ್ಕೆ ಎತ್ತಬಾರದು ಅಂತ ಕಲಿಯುತ್ತದೆ. ಆಮೇಲೆ ಅವನಿಗೇ ಹೆದರಿಕೆಯಾಗುವಂಥದ್ದು ಏನಾದರೂ ನಡೆದರೆ, ಸ್ಕೂಲ್ ವ್ಯಾನಿನಲ್ಲಿ ಯಾರೋ ಏನೋ ಮಾಡಿದರು ಅಂತಿಟ್ಟುಕೊಳ್ಳಿ, ಅದನ್ನೂ ಅದೇ ಗಂಟಿಗೆ ಸೇರಿಸಿ ಸುಮ್ಮನಾಗುತ್ತಾನೆ.

ಎರಡನೆಯದು ಇನ್ನೂ ಗಂಭೀರ, ಮತ್ತು ಹೊರಗೆ ಕಾಣುವುದೇ ಇಲ್ಲ. ಕಾರಣ ಹೇಳದಿದ್ದರೆ ಈ ವಯಸ್ಸಿನ ಮಗು ತಾನೇ ಒಂದು ಕಾರಣ ಹುಡುಕಿಕೊಳ್ಳುತ್ತದೆ, ಆ ಕಾರಣ ಸಾಮಾನ್ಯವಾಗಿ ಆ ಮಗುವೇ ಆಗಿರುತ್ತದೆ. ನಾನು ಕೋಪದಲ್ಲಿ ಅಂದುಕೊಂಡೆ, ಅದಕ್ಕೇ ಹಾಗಾಯಿತು ಅನ್ನೋದು ಈ ವಯಸ್ಸಿನಲ್ಲಿ ಸಹಜವಾದ ಯೋಚನೆ. ಹಿಂದಿನ ದಿನ ತಾತ ಮೊಬೈಲ್ ಕೊಡಲಿಲ್ಲ ಅಂತ "ಹೋಗು, ನಿನ್ನ ಜೊತೆ ಟೂ" ಅಂದಿರಬಹುದು. ಸಂಜೆ ಅವರ ಬೆನ್ನ ಮೇಲೆ ಹತ್ತಿ ಕುದುರೆ ಆಡಿರಬಹುದು, ಆಗ ಯಾರೋ "ತಾತನಿಗೆ ಸುಸ್ತಾಗುತ್ತೆ, ಇಳಿಯೋ" ಅಂತ ಗದರಿರಬಹುದು. ಮಾರನೆಯ ದಿನ ತಾತ ಇಲ್ಲ, ಇವನನ್ನು ಬೇರೆ ಮನೆಗೆ ಕಳಿಸಿದ್ದಾರೆ. ಇವನ ಲೆಕ್ಕ ಏನಾಗಿರಬಹುದು, ನೀವೇ ಯೋಚಿಸಿ. ಅವನು ಹೀಗೇ ಅಂದುಕೊಂಡಿದ್ದಾನೆ ಅಂತ ನಾನು ಹೇಳುತ್ತಿಲ್ಲ. ಆದರೆ ಅಂದುಕೊಂಡಿದ್ದರೆ, ಸುಳ್ಳು ನಿಂತಿರುವವರೆಗೂ ನೀವು ಅದನ್ನು ತಿದ್ದಲು ಸಾಧ್ಯವೇ ಇಲ್ಲ. ಯಾಕೆಂದರೆ ತಾತ ಆಸ್ಪತ್ರೆಯಲ್ಲಿದ್ದಾರಲ್ಲ!

ಇನ್ನು ನಂಬಿಕೆಯ ವಿಷಯ. ಇದರ ಬಗ್ಗೆ 2014ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಇಬ್ಬರು ಸಂಶೋಧಕಿಯರು ಪ್ರಕಟಿಸಿದ ಒಂದು ಪ್ರಯೋಗ ಇದೆ. ಮೂರರಿಂದ ಏಳು ವರ್ಷದ 186 ಮಕ್ಕಳು. ಅರ್ಧ ಮಕ್ಕಳಿಗೆ "ಪಕ್ಕದ ರೂಮಿನಲ್ಲಿ ದೊಡ್ಡ ಬಟ್ಟಲು ತುಂಬಾ ಕ್ಯಾಂಡಿ ಇದೆ, ಬಾ" ಅಂತ ಕರೆದರು. ಹೋದ ಮೇಲೆ "ಕ್ಯಾಂಡಿ ಇಲ್ಲ, ನೀನು ಆಡೋಕೆ ಬರಲಿ ಅಂತ ಹಾಗೆ ಹೇಳಿದೆ" ಅಂದರು. ಇನ್ನರ್ಧ ಮಕ್ಕಳಿಗೆ ಸುಳ್ಳು ಹೇಳಲಿಲ್ಲ. ಆಮೇಲೆ ಎಲ್ಲರಿಗೂ ಒಂದೇ ಆಟ: ಬೆನ್ನ ಹಿಂದೆ ಇಟ್ಟ ಆಟಿಕೆ ಯಾವುದು ಅಂತ ಅದರ ಸದ್ದಿನಿಂದಲೇ ಹೇಳಬೇಕು. ನಡುವೆ ದೊಡ್ಡವರು "ತಿರುಗಿ ನೋಡಬೇಡ" ಅಂತ ಹೇಳಿ ಹೊರಗೆ ಹೋದರು. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ, ಸುಳ್ಳು ಕೇಳಿರದವರಲ್ಲಿ ನೂರಕ್ಕೆ ಸುಮಾರು 60 ಮಂದಿ ತಿರುಗಿ ನೋಡಿದರು. ಸುಳ್ಳು ಕೇಳಿದವರಲ್ಲಿ 80ರ ಹತ್ತಿರ. ಹಾಗೆ ತಿರುಗಿ ನೋಡಿದವರಲ್ಲಿ, ನೋಡಿದೆಯಾ ಅಂತ ಕೇಳಿದಾಗ "ಇಲ್ಲ" ಅಂದವರ ಲೆಕ್ಕದಲ್ಲೂ ದೊಡ್ಡ ವ್ಯತ್ಯಾಸ: ಸುಳ್ಳು ಕೇಳಿರದವರಲ್ಲಿ ನೂರಕ್ಕೆ 60ರ ಸುಮಾರು, ಕೇಳಿದವರಲ್ಲಿ 90ರ ಹತ್ತಿರ. ಆದರೆ ಇನ್ನೂ ಶಾಲೆಗೆ ಹೋಗದ ಪುಟ್ಟ ಮಕ್ಕಳಲ್ಲಿ ಈ ವ್ಯತ್ಯಾಸ ಕಾಣಲಿಲ್ಲ.

ಅದು ಒಬ್ಬ ಅಪರಿಚಿತರು ಹೇಳಿದ ಕ್ಯಾಂಡಿಯ ಸುಳ್ಳು. ಅದನ್ನು ತಂದು ನಿಮ್ಮ ಮನೆಯ ಸಾವಿಗೆ ಹಾಗೇ ಅಂಟಿಸಬಾರದು. ನಾನು ಅದರಿಂದ ತೆಗೆದುಕೊಳ್ಳುವುದು ಎರಡೇ ಮಾತು. ಸುಳ್ಳನ್ನು ಸುಳ್ಳು ಅಂತ ಗುರುತಿಸಿ ನೆನಪಿಟ್ಟುಕೊಳ್ಳುವ ಶಕ್ತಿ ಹೆಚ್ಚುಕಡಿಮೆ ನಿಮ್ಮ ಮಗನ ವಯಸ್ಸಿಗೆ ಬರುತ್ತದೆ. ಹಾಗೆ ನೆನಪಿಟ್ಟುಕೊಂಡ ಮಗು, ಹೇಳಿದವರಿಗೆ ನಾನೂ ನಿಜ ಹೇಳಬೇಕಾಗಿಲ್ಲ ಅಂದುಕೊಳ್ಳುತ್ತದೆ. ನಿಮ್ಮ ಮನೆಯಲ್ಲಿ ಇದು ಶುರುವಾಗಿದೆಯೋ ಇಲ್ಲವೋ ನೋಡಬೇಕಾದರೆ ಕೆಲವು ಗುರುತುಗಳಿವೆ. ಒಂದೇ ಪ್ರಶ್ನೆಯನ್ನು ನಿಮಗೆ ಕೇಳಿ, ಆಮೇಲೆ ಅಪ್ಪನಿಗೆ, ಆಮೇಲೆ ಚಿಕ್ಕಮ್ಮನಿಗೆ ಕೇಳುತ್ತಾನಾ? ಸಣ್ಣ ಮಾತಿಗೂ "ಗಾಡ್ ಪ್ರಾಮಿಸ್? ಅಮ್ಮನ ಮೇಲೆ ಆಣೆ?" ಅನ್ನುತ್ತಾನಾ? ನೀವು ಫೋನಿನಲ್ಲಿ ಮಾತಾಡುವಾಗ ಬಾಗಿಲ ಹತ್ತಿರ ನಿಲ್ಲುತ್ತಾನಾ? ಎಲ್ಲಕ್ಕಿಂತ ಮುಖ್ಯ, ತಾತನ ಬಗ್ಗೆ ಕೇಳೋದನ್ನೇ ಬಿಟ್ಟಿದ್ದಾನಾ? ಅದನ್ನೇ ಮನೆಯವರು "ಮರೆತ" ಅನ್ನುತ್ತಾರೆ. ದಿನಾ ಎರಡು ಹೊತ್ತು ಜೊತೆಗಿದ್ದ ತಾತನನ್ನು ಆರು ವರ್ಷದ ಮಗು ನಾಲ್ಕು ತಿಂಗಳಲ್ಲಿ ಮರೆಯುವುದಿಲ್ಲ ರೀ.

ಸರಿ, ಹೇಳೋದು ಹೇಗೆ?

ಮೊದಲು ಮನೆಯವರನ್ನು ಕೂರಿಸಿಕೊಂಡು ಮಾತಾಡಿ. ನಿಮ್ಮ ಯಜಮಾನರಿಗೆ ಇದು ಕಷ್ಟ, ಸತ್ತದ್ದು ಅವರ ತಂದೆ. ಎಷ್ಟೋ ಮನೆಗಳಲ್ಲಿ ಮಗುವಿಗೆ ಹೇಳದೇ ಇರುವುದಕ್ಕೆ ನಿಜವಾದ ಕಾರಣ ಮಗುವಲ್ಲ, ಆ ಮಾತನ್ನು ಬಾಯಿಬಿಟ್ಟು ಹೇಳಲು ದೊಡ್ಡವರಿಗೇ ಆಗುತ್ತಿರುವುದಿಲ್ಲ. ಅತ್ತೆಯವರಿಗೆ "ನೀವು ಹೇಳಬೇಕಾಗಿಲ್ಲ, ನಾವು ಹೇಳ್ತೀವಿ. ಅವನು ಬಂದು ಕೇಳಿದರೆ ಹೌದು ಅನ್ನಿ, ಸಾಕು" ಅನ್ನಿ. ಇದು ಬೇಕೇ ಬೇಕು. ಮಗು ಖಂಡಿತ ಹೋಗಿ ಅಜ್ಜಿಯನ್ನು ಕೇಳುತ್ತದೆ, ಅಲ್ಲಿ "ಯಾರಂದಿದ್ದು, ಹಾಗೇನಿಲ್ಲ" ಅಂತ ಬಂದರೆ ಈಗ ಇರುವುದಕ್ಕಿಂತ ಕೆಟ್ಟ ಸ್ಥಿತಿಗೆ ಬರುತ್ತೀರಿ. ತಂಗಿ ಮನೆಯವರಿಗೂ ತಿಳಿಸಿ.

ರಜೆಯ ದಿನ ಬೆಳಿಗ್ಗೆ ತಿಂಡಿ ಆದ ಮೇಲೆ ಹೇಳಿ. ಮಲಗುವ ಹೊತ್ತಿನಲ್ಲಿ ಬೇಡ, ಸ್ಕೂಲಿಗೆ ಹೊರಡುವಾಗ ಬೇಡ. ಕೇಳಿದ ಮೇಲೆ ಇಡೀ ದಿನ ಅವನು ನಿಮ್ಮ ಸುತ್ತ ಇರಲು ಆಗಬೇಕು. ನೀವು, ಅವನ ಅಪ್ಪ ಇಬ್ಬರೂ ಇರಿ. ಮಾತು ಹೆಚ್ಚುಕಡಿಮೆ ಹೀಗಿರಲಿ:

"ಪುಟ್ಟ, ತಾತನ ಬಗ್ಗೆ ಒಂದು ಬೇಜಾರಿನ ವಿಷಯ ಹೇಳಬೇಕು. ತಾತ ಆಸ್ಪತ್ರೆಯಲ್ಲಿಲ್ಲ. ಅವತ್ತು ನೀನು ಚಿಕ್ಕಮ್ಮನ ಮನೆಗೆ ಹೋಗಿದ್ದೆಯಲ್ಲ, ಅವತ್ತೇ ತಾತ ಸತ್ತುಹೋದರು. ಅವರ ಹೃದಯಕ್ಕೆ ದೊಡ್ಡ ಕಾಯಿಲೆ ಬಂದು ಅದು ಕೆಲಸ ಮಾಡೋದು ನಿಲ್ಲಿಸಿತು. ಡಾಕ್ಟರ್ ನೋಡಿದರು, ಸರಿ ಮಾಡೋಕೆ ಆಗಲಿಲ್ಲ. ಸತ್ತವರು ಮತ್ತೆ ಬರೋಕಾಗಲ್ಲ."

ಇಷ್ಟು ಹೇಳಿ ನಿಲ್ಲಿಸಿ. "ಸತ್ತುಹೋದರು" ಅನ್ನಲು ನಾಲಿಗೆ ಹೊರಳುವುದಿಲ್ಲ, ನಮ್ಮಲ್ಲಿ ಹಿರಿಯರ ಬಗ್ಗೆ ಹಾಗೆ ಅನ್ನುವ ರೂಢಿಯಿಲ್ಲ. ಬೇಕಾದರೆ "ತೀರಿಕೊಂಡರು, ಅಂದರೆ ಸತ್ತುಹೋದರು" ಅನ್ನಿ. ಆದರೆ "ಮಲಗಿಬಿಟ್ಟರು", "ದೂರ ಹೋದರು" ಅಂತ ಮಾತ್ರ ಹೇಳಬೇಡಿ. ಮಲಗಿದರು ಅಂತ ಕೇಳಿದ ಮಕ್ಕಳು ರಾತ್ರಿ ಕಣ್ಣು ಮುಚ್ಚಲು ಹೆದರುವುದನ್ನು ನಾವು ಆಗಾಗ ನೋಡುತ್ತೇವೆ. "ಒಳ್ಳೆಯವರನ್ನ ದೇವರು ಬೇಗ ಕರ್ಕೊಳ್ತಾನೆ" ಅನ್ನುವುದೂ ಬೇಡ, ಹಾಗಾದರೆ ಒಳ್ಳೆಯವನಾಗಿ ಇರದಿರುವುದೇ ವಾಸಿ ಅಲ್ವಾ? ಅತ್ತೆಯವರು "ತಾತ ದೇವರ ಪಾದ ಸೇರಿದರು" ಅಂದರೆ ತಡೆಯಬೇಡಿ. ಅವರು ಅದನ್ನು ನಂಬುತ್ತಾರೆ, ನಂಬಿದ್ದನ್ನು ಹೇಳುವುದು ಸುಳ್ಳಲ್ಲ. ಆದರೆ ದೇಹದ ವಿಷಯ ಮೊದಲು ಬರಲಿ, ದೇವರ ವಿಷಯ ಆಮೇಲೆ. ಇಲ್ಲದಿದ್ದರೆ ಅವನು ದೇವರ ಮನೆಗೆ ಯಾವ ಬಸ್ಸಿನಲ್ಲಿ ಹೋಗಬೇಕು ಅಂತ ಕೇಳುತ್ತಾನೆ. ತಮಾಷೆಗೆ ಹೇಳುತ್ತಿಲ್ಲ, ಕೇಳುತ್ತಾರೆ.

ಆಮೇಲೆ ಸುಳ್ಳಿನ ಮಾತು. ಇದನ್ನು ಜನ ಹಾರಿಸಿಬಿಡುತ್ತಾರೆ, ಹಾರಿಸಬೇಡಿ. "ನಾವು ಇಷ್ಟು ದಿನ ಆಸ್ಪತ್ರೆ ಅಂತ ಹೇಳಿದ್ದು ಸುಳ್ಳು. ನಿನಗೆ ತುಂಬಾ ಬೇಜಾರಾಗುತ್ತೆ ಅಂತ ಹೆದರಿ ಹಾಗೆ ಹೇಳಿದ್ವಿ. ಹಾಗೆ ಹೇಳಬಾರದಿತ್ತು. ಇನ್ನು ಮೇಲೆ ತಾತನ ಬಗ್ಗೆ ಏನು ಬೇಕಾದರೂ ಕೇಳು, ನಿಜ ಹೇಳ್ತೀವಿ." ಅದಕ್ಕೊಂದು "ಆದರೆ" ಸೇರಿಸಬೇಡಿ. "ನಿನ್ನ ಒಳ್ಳೆಯದಕ್ಕೇ ಅಲ್ವಾ ಹೇಳಿದ್ದು" ಅಂದರೆ, ಒಳ್ಳೆಯದಕ್ಕೆ ಅನ್ನಿಸಿದಾಗೆಲ್ಲ ಇವರು ಸುಳ್ಳು ಹೇಳುತ್ತಾರೆ ಅಂತ ಅವನು ಸರಿಯಾಗಿಯೇ ಅರ್ಥ ಮಾಡಿಕೊಳ್ಳುತ್ತಾನೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರಲ್ಲ, ಮಾಡಿಸಿದವರು ಊಟ ಮುಗಿಸಿ ಬಸ್ಸು ಹತ್ತಿ ಊರಿಗೆ ಹೋಗುತ್ತಾರೆ. ನೀವು ಅವನ ಜೊತೆ ಇದೇ ಮನೆಯಲ್ಲಿ ಇರಬೇಕು.

ಕೊನೆಗೆ, ಅವನು ಕೇಳಲಿ ಬಿಡಲಿ, ಇದೊಂದನ್ನು ಹೇಳಿ: "ನೀನು ಏನೋ ಮಾಡಿದ್ದರಿಂದ, ಏನೋ ಅಂದಿದ್ದರಿಂದ, ಮನಸ್ಸಿನಲ್ಲಿ ಅಂದುಕೊಂಡಿದ್ದರಿಂದ ಹೀಗಾಗಲಿಲ್ಲ. ಜಗಳ ಆಡಿದರೆ ಯಾರೂ ಸಾಯಲ್ಲ."

ಆಗ ಏನಾಗಬಹುದು? ಗಟ್ಟಿಯಾಗಿ ಅಳಬಹುದು. ಕೋಪ ಬಂದು ನಿಮ್ಮನ್ನು ಹೊಡೆಯಬಹುದು. ಅಥವಾ "ಸರಿ, ನಾನು ಸೈಕಲ್ ಹೊಡೀಲಾ?" ಅಂತ ಎದ್ದು ಹೋಗಬಹುದು. ಇದನ್ನು ನೋಡಿ ದೊಡ್ಡವರಿಗೆ ಗಾಬರಿಯಾಗುತ್ತದೆ, ಇಲ್ಲವೇ "ನೋಡಿ, ಅವನಿಗೇನೂ ಆಗಲೇ ಇಲ್ಲ" ಅಂತ ನಿರಾಳವಾಗುತ್ತದೆ. ಎರಡೂ ಬೇಡ. ಮಕ್ಕಳು ದುಃಖವನ್ನು ಒಟ್ಟಿಗೆ ಹೊರುವುದಿಲ್ಲ. ಸ್ವಲ್ಪ ಅತ್ತು, ಆಡಿ, ಮತ್ತೆ ಬಂದು ಅದೇ ಪ್ರಶ್ನೆ ಕೇಳುತ್ತಾರೆ. ಮುಂದಿನ ಹಲವು ವಾರ ಊಟದ ನಡುವೆ, ಸ್ನಾನದ ನಡುವೆ, ಸ್ಕೂಟರಿನಲ್ಲಿ ಹೋಗುವಾಗ ಪ್ರಶ್ನೆ ಬರುತ್ತದೆ. ತಾತ ಈಗ ಎಲ್ಲಿದ್ದಾರೆ, ಮಣ್ಣಿನೊಳಗೆ ಚಳಿ ಆಗಲ್ವಾ, ಅಥವಾ ಸುಡುವಾಗ ನೋವಾಗಲಿಲ್ವಾ. ನಿಮ್ಮ ಮನೆಯಲ್ಲಿ ಯಾವ ಪದ್ಧತಿಯೋ ಅದನ್ನು ಹಾಗೇ ಹೇಳಿ, "ಸತ್ತ ದೇಹಕ್ಕೆ ನೋವು ಗೊತ್ತಾಗಲ್ಲ" ಅಂತ ಸೇರಿಸಿ. "ನೀನೂ ಸಾಯ್ತೀಯಾ" ಅಂತ ಕೇಳೇ ಕೇಳುತ್ತಾನೆ. "ನಾನು ಸಾಯೋದೇ ಇಲ್ಲ" ಅನ್ನಲು ಬಾಯಿ ತುಂಬಾ ಬರುತ್ತದೆ, ತಡೆದುಕೊಳ್ಳಿ. "ಎಲ್ಲರೂ ಒಂದು ದಿನ ಸಾಯ್ತಾರೆ. ಹೆಚ್ಚಿನವರು ತುಂಬಾ ವಯಸ್ಸಾದ ಮೇಲೆ. ನಾನು ನೀನು ದೊಡ್ಡವನಾಗೋದನ್ನ ನೋಡ್ತೀನಿ ಅಂದುಕೊಂಡಿದೀನಿ" ಅನ್ನಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ.

ತಾತನ ಫೋಟೋ ಎಲ್ಲೋ ಒಳಗೆ ಇಟ್ಟಿದ್ದರೆ ಹೊರಗೆ ತನ್ನಿ. ಅಂತ್ಯಕ್ರಿಯೆಗೂ ತಿಥಿಗೂ ಅವನು ಇರಲಿಲ್ಲ, ಅದನ್ನು ಈಗ ತರಲು ಆಗುವುದಿಲ್ಲ. ಆದರೆ ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ಮನೆಯಾದರೆ ಆವತ್ತು ಅವನನ್ನು ಸೇರಿಸಿಕೊಳ್ಳಿ, ತಾತನಿಗೆ ಏನು ಇಷ್ಟ ಅಂತ ಅವನನ್ನೇ ಕೇಳಿ. ನಿಮಗಿಂತ ಅವನಿಗೆ ಜಾಸ್ತಿ ಗೊತ್ತಿರುತ್ತದೆ, ಬಚ್ಚಿಟ್ಟುಕೊಂಡು ತಿಂದಿದ್ದೆಲ್ಲ ಅವನ ಜೊತೆಗೇ ತಾನೇ.

ನಿಮ್ಮ ದೊಡ್ಡ ಪ್ರಶ್ನೆ ಉಳಿಯಿತು. ಎಲ್ಲ ಸುಳ್ಳೂ ಒಂದೇ ಅಂತ ನಾನು ಒಪ್ಪುವುದಿಲ್ಲ. ಬಿದ್ದ ಹಲ್ಲನ್ನು ಮಾಡಿನ ಮೇಲೆ ಎಸೆದರೆ ಹೊಸ ಹಲ್ಲು ಬರುತ್ತದೆ ಅನ್ನುವುದು ಆಟ, ಬರ್ತ್‌ಡೇ ಕೇಕ್ ಅಡಗಿಸಿಡುವುದೂ ಆಟ. ಹೇಳದೇ ಇರುವುದು ಕೂಡ ಸುಳ್ಳಲ್ಲ. ಗಂಡ ಹೆಂಡತಿ ಜಗಳವಾಗಿದೆ, ಸಾಲದ ಕಷ್ಟವಿದೆ, ಮಗು "ಯಾಕಮ್ಮಾ ಅಳ್ತಿದೀಯ" ಅಂದರೆ "ಕಣ್ಣಿಗೆ ಧೂಳು ಬಿತ್ತು" ಅನ್ನುವ ಬದಲು "ಬೇಜಾರಾಗಿದೆ, ಅದು ದೊಡ್ಡವರ ವಿಷಯ, ನಿನ್ನಿಂದ ಆಗಿದ್ದಲ್ಲ, ನಾನು ಸರಿಹೋಗ್ತೀನಿ" ಅನ್ನಬಹುದು. ಅಲ್ಲಿ ನೀವು ಏನನ್ನೂ ಬಿಟ್ಟುಕೊಡಲಿಲ್ಲ, ಸುಳ್ಳೂ ಹೇಳಲಿಲ್ಲ.

ನನಗೆ ಜಾಸ್ತಿ ಕಿರಿಕಿರಿ ಆಗುವುದು ಹೆದರಿಸುವ ಸುಳ್ಳುಗಳು. "ಬರದಿದ್ದರೆ ಇಲ್ಲೇ ಬಿಟ್ಟು ಹೋಗ್ತೀನಿ", "ಪೊಲೀಸ್ ಹಿಡ್ಕೊಂಡು ಹೋಗ್ತಾರೆ". 2013ರಲ್ಲಿ ಅಮೆರಿಕ ಮತ್ತು ಚೀನಾದ ತಂದೆತಾಯಿಗಳನ್ನು ವಿಚಾರಿಸಿದಾಗ ಎರಡೂ ಕಡೆ ಹೆಚ್ಚು ಬಳಕೆಯಲ್ಲಿದ್ದದ್ದು ಈ ಬಿಟ್ಟುಹೋಗುವ ಸುಳ್ಳೇ, ನಮ್ಮ ಬಸ್‌ಸ್ಟ್ಯಾಂಡುಗಳಲ್ಲೂ ಅದೇ ಕೇಳಿಸುತ್ತದೆ. ಜಾತ್ರೆಯಲ್ಲಿ ಕೈತಪ್ಪಿದ ಮಗು ಯಾರ ಹತ್ತಿರ ಹೋಗಬೇಕು? ಪೊಲೀಸರ ಹತ್ತಿರ. ಅದನ್ನೇ ನೀವು ಮುಚ್ಚಿದ್ದೀರಿ. ಇಂಜೆಕ್ಷನ್ನಿಗೆ "ನೋವೇ ಆಗಲ್ಲ" ಅನ್ನುವುದು ಎರಡು ಸೆಕೆಂಡಿನಲ್ಲಿ ಸಿಕ್ಕಿಬೀಳುವ ಸುಳ್ಳು. "ಚುಚ್ಚುತ್ತೆ, ಐದು ಎಣಿಸೋದ್ರಲ್ಲಿ ಮುಗಿಯುತ್ತೆ, ನನ್ನ ಕೈ ಹಿಡ್ಕೊ, ಜೋರಾಗಿ ಊದು" ಅನ್ನಿ. ಅಳುತ್ತಾನೆ. ಆದರೆ ಮುಂದಿನ ಸಲ ನೀವು "ಈ ಸಲ ಬರೀ ತೂಕ ನೋಡ್ತಾರೆ, ಸೂಜಿ ಇಲ್ಲ" ಅಂದರೆ ನಂಬುತ್ತಾನೆ. "ಮೊಬೈಲ್ ಚಾರ್ಜ್ ಇಲ್ಲ" ಅನ್ನುವುದರ ಬಗ್ಗೆ ನನಗೆ ಅಂಥ ಸಿಟ್ಟಿಲ್ಲ, ಎಲ್ಲರೂ ಹೇಳುತ್ತಾರೆ. ಆದರೆ ಅದರಿಂದ ಮಗು ಕಲಿಯುವುದು ಚಾರ್ಜರ್ ಎಲ್ಲಿದೆ ಅಂತ, ಅಷ್ಟೇ. ಸುಮ್ನೆ "ಸಾಕು, ಇನ್ನು ಕೊಡಲ್ಲ" ಅಂದು ಹತ್ತು ನಿಮಿಷದ ಅಳು ಕೇಳಿಸಿಕೊಳ್ಳಿ.

ನಿಮ್ಮ ಹೆರಿಗೆಯ ವಿಷಯ. ತಾತನ ವಿಷಯ ಹೇಳಿದ ದಿನವೇ ಇದನ್ನು ಎತ್ತಬೇಡಿ, ಕೆಲವು ದಿನ ಬಿಡಿ. ಆಮೇಲೆ "ತಾತನಿಗೆ ಹೃದಯದ ಕಾಯಿಲೆ ಇತ್ತು. ನನಗೆ ಕಾಯಿಲೆ ಇಲ್ಲ, ಪಾಪು ಹೊರಗೆ ಬರೋಕೆ ಆಸ್ಪತ್ರೆಗೆ ಹೋಗ್ತೀನಿ" ಅಂತ ಬಿಡಿಸಿ ಹೇಳಿ. ಚೆಕಪ್‌ಗೆ ಹೋಗುವಾಗ ಒಮ್ಮೆ ಅವನನ್ನೂ ಕರೆದುಕೊಂಡು ಹೋಗಿ. ಆಸ್ಪತ್ರೆಗೆ ಹೋಗಿ ವಾಪಸ್ ಬಂದದ್ದನ್ನು ಅವನು ಕಣ್ಣಾರೆ ನೋಡುವುದು ನಿಮ್ಮ ಯಾವ ಮಾತಿಗಿಂತಲೂ ಗಟ್ಟಿ. "ನಾಳೆನೇ ಬರ್ತೀನಿ" ಅನ್ನಬೇಡಿ. ನಾರ್ಮಲ್ ಆದರೆ ಎರಡು ರಾತ್ರಿ, ಆಪರೇಷನ್ ಆದರೆ ಐದು ರಾತ್ರಿ ಆಗಬಹುದು ಅನ್ನಿ, ನಿಮ್ಮ ಡಾಕ್ಟರು ಹೇಳುವ ಲೆಕ್ಕವನ್ನೇ ಕೊಡಿ. ದಿನಾ ಇಷ್ಟು ಗಂಟೆಗೆ ವಿಡಿಯೋ ಕಾಲ್ ಅಂತ ಗೊತ್ತುಮಾಡಿ, ಆ ಹೊತ್ತಿಗೆ ನಿಮಗೆ ಆಗದಿದ್ದರೆ ಅಪ್ಪ ಮಾಡಿ "ಅಮ್ಮ ಮಲಗಿದಾಳೆ, ಎದ್ದ ಮೇಲೆ ಮಾಡ್ತಾಳೆ" ಅಂತ ತೋರಿಸಲಿ. ಬಾಣಂತನಕ್ಕೆ ತವರಿಗೆ ಹೋಗುವುದಿದ್ದರೆ ಅವನೂ ಬರುತ್ತಾನಾ, ಸ್ಕೂಲಿಗಾಗಿ ಇಲ್ಲೇ ಇರುತ್ತಾನಾ ಅನ್ನುವುದನ್ನು ಈಗಲೇ ಹೇಳಿ, ಹೊರಡುವ ದಿನ ಅವನು ಮಲಗಿದ್ದಾಗ ಮೆಲ್ಲಗೆ ಹೋಗುವ ಯೋಚನೆಯೇ ಬೇಡ.

ಕ್ಲಾಸ್ ಟೀಚರಿಗೂ ಒಂದು ಮಾತು ತಿಳಿಸಿ. ನಿಜ ಹೇಳಿದ ಮೇಲೂ ಕೆಲವು ವಾರ ಕಳೆದು ನಿದ್ದೆ ಸರಿಯಾಗದಿದ್ದರೆ, ನಿಂತಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾದರೆ, ಸ್ಕೂಲಿಗೆ ಹೋಗಲ್ಲ ಅಂತ ದಿನಾ ಹಟ ಮಾಡಿದರೆ ಮಕ್ಕಳ ಆಪ್ತಸಲಹೆಗಾರರಿಗೆ ತೋರಿಸಿ. "ನಾನೂ ತಾತನ ಹತ್ತಿರ ಹೋಗ್ತೀನಿ" ಅಂತ ಪದೇ ಪದೇ ಅಂದರೆ ವಾರಗಟ್ಟಲೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ.